ನಿಲ್ಲಿಸಿ ಮಾತಾಡುವ ವಿಡಿಯೊ: ಒಂದು ದೃಶ್ಯ, ಎರಡು ಕ್ಲೇಮ್

ಸಿನಿಮಾದ ಒಂದೊಂದೇ ದೃಶ್ಯ ಎತ್ತಿಕೊಂಡು, ಅದನ್ನು ಯಾಕೆ ಹಾಗೆ ಕಟ್ ಮಾಡಿದ್ದಾರೆ, ಕ್ಯಾಮೆರಾ ಯಾಕೆ ಅಲ್ಲೇ ನಿಂತಿದೆ ಅಂತ ಬಿಡಿಸಿ ಹೇಳುವ ವಿಡಿಯೊಗಳನ್ನು ನಾನು ಮಾಡುತ್ತೇನೆ. ಬೇರೆಯವರ ಚಿತ್ರ ತೋರಿಸದೆ ಈ ಕೆಲಸ ಆಗುವುದಿಲ್ಲ. ಹಾಗಾಗಿ ಕಾಪಿರೈಟ್ ಕ್ಲೇಮ್ ಬರಬಹುದು ಅನ್ನುವುದನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿದು ಕೂರಬೇಕಾಗುತ್ತದೆ. ಇತ್ತೀಚೆಗೆ ಮಾಡಿದ ಒಂದು ವಿಡಿಯೊ ಸ್ಕ್ರಿಪ್ಟ್‌ನಿಂದ ಹಿಡಿದು ಮೇಲ್ಮನವಿಯವರೆಗೆ ಎಲ್ಲ ಹಂತಗಳನ್ನೂ ಹಾದು ಬಂತು. ಅದನ್ನೇ ಇಲ್ಲಿ ಬರೆಯುತ್ತೇನೆ.

ದೃಶ್ಯ ಒಂದು ವಿಚಾರಣೆಯದು. ಮೇಜಿನ ಈ ಕಡೆ ಅಧಿಕಾರಿ, ಆ ಕಡೆ ಸಾಕ್ಷಿ. ಸುಮಾರು ಐದೂವರೆ ನಿಮಿಷ ಇಬ್ಬರೇ ಮಾತಾಡುತ್ತಾರೆ. ಮೊದಲರ್ಧ ಪೂರ್ತಿ ಕ್ಯಾಮೆರಾ ಮೇಜಿನ ಒಂದೇ ಬದಿಯಲ್ಲಿ ಇರುತ್ತದೆ. ಅಧಿಕಾರಿ ಪರದೆಯ ಎಡಕ್ಕೆ, ಸಾಕ್ಷಿ ಬಲಕ್ಕೆ. ಸಾಕ್ಷಿ ಸುಳ್ಳು ಹೇಳಿದ ಆ ಒಂದು ಕಟ್‌ನಲ್ಲಿ ಕ್ಯಾಮೆರಾ ಇಬ್ಬರ ನಡುವಿನ ಊಹೆಯ ಗೆರೆ ದಾಟಿ ಆಚೆ ಬದಿಗೆ ಹೋಗುತ್ತದೆ. ಈಗ ಸಾಕ್ಷಿ ಎಡಕ್ಕೆ ಬಂದ. ಅಲ್ಲಿಯವರೆಗೆ ಪ್ರಶ್ನೆ ಕೇಳುತ್ತಿದ್ದವನು ಕೂತಿದ್ದ ಜಾಗದಲ್ಲಿ ಈಗ ಸುಳ್ಳು ಹೇಳುವವನು ಕೂತಿದ್ದಾನೆ. ನೋಡುವವರಿಗೆ ಏನೋ ಬದಲಾಯಿತು ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾನು ಹೇಳಬೇಕಿದ್ದದ್ದು ಇದನ್ನೇ.

ರಿಯಾಕ್ಷನ್ ವಿಡಿಯೊ ಅಂದರೆ ಬಹಳ ಜನ ದೃಶ್ಯವನ್ನು ಓಡಲು ಬಿಟ್ಟು, ಮೂಲೆಯಲ್ಲಿ ತಮ್ಮ ಮುಖ ಇಟ್ಟು, ನಡುನಡುವೆ ‘ಅಬ್ಬಾ’ ಅನ್ನುತ್ತಾರೆ. ಅದನ್ನು ನೋಡಿದವರಿಗೆ ಮೂಲ ದೃಶ್ಯ ಪೂರ್ತಿ ಸಿಕ್ಕಿಬಿಡುತ್ತದೆ. ಈ ವ್ಯತ್ಯಾಸವನ್ನು ಅಮೆರಿಕದ ಕೋರ್ಟೊಂದು ನೇರವಾಗಿ ಹೇಳಿದೆ. 2017ರ ಹೊಸೈನ್‌ಜಾದೆ ವಿರುದ್ಧ ಕ್ಲೈನ್ ಪ್ರಕರಣ ಅದು. ಸುಮಾರು ಹದಿನಾಲ್ಕು ನಿಮಿಷದ ಒಂದು ವಿಡಿಯೊದಲ್ಲಿ ಕ್ಲೈನ್ ದಂಪತಿ ಬೇರೊಬ್ಬರ ಐದು ನಿಮಿಷ ಚಿಲ್ಲರೆಯ ವಿಡಿಯೊದಿಂದ ಮೂರು ನಿಮಿಷಕ್ಕಿಂತ ಜಾಸ್ತಿ ಭಾಗ ತೋರಿಸಿದ್ದರು. ಅರ್ಧಕ್ಕಿಂತ ಹೆಚ್ಚೇ ಆಯಿತು. ಆದರೂ ಅದು ಫೇರ್ ಯೂಸ್, ಅಂದರೆ ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ, ಅಂತ ಅವರೇ ಗೆದ್ದರು. ಕಾರಣ ಇಷ್ಟೇ: ಸ್ವಲ್ಪ ತೋರಿಸುತ್ತಾರೆ, ನಿಲ್ಲಿಸುತ್ತಾರೆ, ಅದರ ಬಗ್ಗೆಯೇ ಟೀಕೆ ಮಾಡುತ್ತಾರೆ, ಮತ್ತೆ ಸ್ವಲ್ಪ ತೋರಿಸುತ್ತಾರೆ. ಅದೇ ತೀರ್ಪಿನಲ್ಲಿ ನ್ಯಾಯಾಧೀಶರು ಇನ್ನೊಂದು ಮಾತನ್ನೂ ಸೇರಿಸಿದರು. ಎಲ್ಲ ರಿಯಾಕ್ಷನ್ ವಿಡಿಯೊಗಳೂ ಹೀಗೇ ಇರುವುದಿಲ್ಲ, ಕೆಲವು ಟೀಕೆ ಟಿಪ್ಪಣಿ ಏನೂ ಇಲ್ಲದೆ ಒಟ್ಟಿಗೆ ಕೂತು ನೋಡಿದ ಹಾಗಷ್ಟೇ ಇರುತ್ತವೆ, ಅಂಥವಕ್ಕೆ ಈ ತೀರ್ಪು ರಕ್ಷಣೆ ಅಂದುಕೊಳ್ಳಬೇಡಿ ಅನ್ನುವ ಅರ್ಥದ ಮಾತು.

ಇದರಿಂದ ನಾನು ತೆಗೆದುಕೊಂಡದ್ದು, ಸೆಕೆಂಡುಗಳ ಲೆಕ್ಕದ ಮೇಲೆ ಏನೂ ನಿಂತಿಲ್ಲ ಅನ್ನುವುದು. ಏಳು ಸೆಕೆಂಡಿನ ಒಳಗಿದ್ದರೆ ಪರವಾಗಿಲ್ಲ, ಹತ್ತರ ಒಳಗಿದ್ದರೆ ಕ್ಲೇಮ್ ಬರಲ್ಲ ಅಂತೆಲ್ಲ ಓಡಾಡುವ ಮಾತುಗಳಿಗೆ ಕಾನೂನಿನಲ್ಲಿ ಜಾಗವಿಲ್ಲ. ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು, ಸುತ್ತ ಚೌಕಟ್ಟು ಹಾಕುವುದು, ಧ್ವನಿಯನ್ನು ಸ್ವಲ್ಪ ಏರಿಸುವುದು, ಕೆಳಗೆ ‘ಇದು ಫೇರ್ ಯೂಸ್’ ಅಂತ ಬರೆಯುವುದು, ಇವು ಯಾವುದರಿಂದಲೂ ವಿಡಿಯೊ ಹೊಸದಾಗುವುದಿಲ್ಲ. ಪ್ರಶ್ನೆ ಒಂದೇ. ಆ ತುಣುಕು ನನ್ನ ಮಾತಿಗೆ ಆಧಾರವಾಗಿ ಬಂದಿದೆಯೋ, ಅಥವಾ ನನ್ನ ಮಾತು ಆ ತುಣುಕು ತೋರಿಸಲು ನೆಪವಾಗಿದೆಯೋ?

ಹಾಗಾಗಿ ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮೊದಲೇ ಸ್ಕ್ರಿಪ್ಟ್ ಬರೆದೆ. ಒಂದು ಹಾಳೆಯಲ್ಲಿ ಮೂರು ಅಂಕಣ. ಮೊದಲನೆಯದರಲ್ಲಿ ನನ್ನ ವಾಕ್ಯ. ಎರಡನೆಯದರಲ್ಲಿ ಅದಕ್ಕೆ ಬೇಕಾದ ತುಣುಕು, ಎಲ್ಲಿಂದ ಎಲ್ಲಿಯವರೆಗೆ ಅಂತ. ಮೂರನೆಯದರಲ್ಲಿ ಆ ತುಣುಕು ಏನನ್ನು ತೋರಿಸಿಕೊಡುತ್ತದೆ ಅನ್ನುವುದು. ಈ ಮೂರನೆಯ ಅಂಕಣವೇ ಇಡೀ ಕೆಲಸದ ಬೆನ್ನೆಲುಬು. ಅಲ್ಲಿ ಬರೆಯಲು ಏನೂ ಹೊಳೆಯದಿದ್ದರೆ ಆ ತುಣುಕು ಬೇಡ ಅಂತ ಅರ್ಥ.

ಒಂದು ಸಾಲು ಹೀಗಿತ್ತು. ವಾಕ್ಯ: ‘ಈ ಕಟ್‌ನಲ್ಲಿ ಕ್ಯಾಮೆರಾ ಗೆರೆ ದಾಟಿತು.’ ಇದಕ್ಕೆ ಎಷ್ಟು ಬೇಕು? ಕಟ್‌ಗೆ ಮುಂಚಿನ ಎರಡು ಸೆಕೆಂಡು, ಆಮೇಲಿನ ಎರಡು ಸೆಕೆಂಡು. ಅಷ್ಟೇ. ಅದರ ಹಿಂದಿನ ಮುಕ್ಕಾಲು ನಿಮಿಷದ ನಟನೆ ಬಹಳ ಚೆಂದ, ತೋರಿಸಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನನ್ನ ಮಾತು ನಟನೆಯ ಬಗ್ಗೆ ಅಲ್ಲ. ಹಾಗಾಗಿ ನಾಲ್ಕು ಸೆಕೆಂಡು ತೋರಿಸಿ ಅಲ್ಲೇ ನಿಲ್ಲಿಸಿದೆ. ನಿಂತ ಚಿತ್ರದ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ನಾನೇ ಬರೆದ ನಕ್ಷೆ ಇಟ್ಟೆ: ಮೇಲಿನಿಂದ ನೋಡಿದರೆ ಮೇಜು ಹೇಗೆ ಕಾಣುತ್ತದೆ, ಇಬ್ಬರೂ ಎಲ್ಲಿ ಕೂತಿದ್ದಾರೆ, ಕ್ಯಾಮೆರಾ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು. ಈ ನಾಲ್ಕು ಸೆಕೆಂಡಿನ ಮೇಲೆ ನನ್ನ ಮಾತು ಒಂದೂವರೆ ನಿಮಿಷ ನಡೆಯಿತು.

ಇನ್ನೊಂದು ಸಾಲಿಗೆ ತುಣುಕೇ ಬೇಕಾಗಲಿಲ್ಲ. ಗೆರೆ ದಾಟಿದ ಮೇಲೆ ಕಟ್‌ಗಳ ವೇಗ ಹೆಚ್ಚುತ್ತದೆ ಅಂತ ನನಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಸುಮ್ನೆ ಹೇಳುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದಲ್ವಾ? ಟೈಮ್‌ಲೈನ್‌ನಲ್ಲಿ ಒಂದೊಂದು ಕಟ್ ಇರುವ ಜಾಗಕ್ಕೂ ಗುರುತು ಹಾಕಿ ಪ್ರತಿ ಶಾಟ್‌ನ ಉದ್ದ ಬರೆದುಕೊಂಡೆ. ಮೊದಲರ್ಧದಲ್ಲಿ ಒಂದು ಶಾಟ್ ಸರಾಸರಿ ಆರು ಸೆಕೆಂಡಿನ ಹತ್ತಿರ ನಿಲ್ಲುತ್ತಿತ್ತು, ಎರಡನೆಯ ಅರ್ಧದಲ್ಲಿ ಎರಡೂವರೆಗೆ ಇಳಿದಿತ್ತು. ಅದನ್ನು ಅಡ್ಡಪಟ್ಟಿಗಳ ಚಿತ್ರವಾಗಿ ಮಾಡಿ ತೋರಿಸಿದೆ. ಎಡಗಡೆ ಉದ್ದುದ್ದ ಪಟ್ಟಿಗಳು, ಬಲಗಡೆ ಚೂರುಚೂರು. ಸಿನಿಮಾದ ಒಂದು ಫ್ರೇಮೂ ಇಲ್ಲದೆ ವಿಷಯ ಕಣ್ಣಿಗೆ ಕಟ್ಟಿತು. ಸ್ವಂತ ವಿಶ್ಲೇಷಣೆ ಅಂದರೆ ನನ್ನ ಮಟ್ಟಿಗೆ ಇದು: ಮೂಲದಲ್ಲಿ ಕಣ್ಣಿಗೆ ಕಾಣದೆ ಇದ್ದದ್ದನ್ನು ನಾವು ಕೆಲಸ ಮಾಡಿ ಕಾಣುವಂತೆ ಮಾಡಿರಬೇಕು.

ಇದೇ ಹಂತದಲ್ಲಿ ಇನ್ನೊಂದು ತುಣುಕನ್ನು ಕೈಬಿಟ್ಟೆ. ಬೇರೆ ಒಂದು ಸಿನಿಮಾದ ತಮಾಷೆಯ ಕ್ಷಣವೊಂದನ್ನು ನಡುವೆ ಇಟ್ಟರೆ ನಗು ಬರುತ್ತಿತ್ತು. ಆದರೆ ನಾನು ಆ ಸಿನಿಮಾದ ಬಗ್ಗೆ ಏನೂ ಹೇಳುತ್ತಿರಲಿಲ್ಲ. 2023ರ ವಾರ್ಹೋಲ್ ಫೌಂಡೇಶನ್ ವಿರುದ್ಧ ಗೋಲ್ಡ್‌ಸ್ಮಿತ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಹೊಸ ಅರ್ಥ ಬಂತು, ಹೊಸ ರೂಪ ಬಂತು ಅನ್ನುವುದಷ್ಟೇ ಸಾಲದು. ಬೇರೆಯವರದ್ದನ್ನು ತೆಗೆದುಕೊಳ್ಳುವುದಕ್ಕೆ ಕಾರಣ ಬೇಕು. ತೆಗೆದುಕೊಂಡ ಕೃತಿಯನ್ನೇ ವಿಮರ್ಶೆ ಮಾಡುತ್ತಿದ್ದರೆ ಆ ಕಾರಣ ತಾನಾಗಿಯೇ ಇರುತ್ತದೆ. ಅಲಂಕಾರಕ್ಕೆ ತಂದ ತುಣುಕಿಗೆ ಅದು ಇರುವುದಿಲ್ಲ. ವಿಡಿಯೊ ಪೂರ್ತಿ ಚೆನ್ನಾಗಿದ್ದು, ಹೀಗೆ ನಡುವೆ ತೂರಿಸಿದ ಒಂದು ಜೋಕ್ ಕ್ಲಿಪ್‌ನಿಂದ ಸಿಕ್ಕಿಬಿದ್ದವರು ನನಗೆ ಗೊತ್ತು.

ಎಡಿಟ್ ಮುಗಿದಾಗ ವಿಡಿಯೊ ಹನ್ನೆರಡು ನಿಮಿಷ ಇತ್ತು. ಅದರಲ್ಲಿ ಸಿನಿಮಾ ಓಡುವ ಭಾಗ ಎಲ್ಲ ಸೇರಿ ಎರಡು ನಿಮಿಷಕ್ಕೂ ಕಡಿಮೆ. ಅತಿ ಉದ್ದದ ತುಣುಕು ಹದಿನಾಲ್ಕು ಸೆಕೆಂಡು. ಇದು ನಿಯಮವಲ್ಲ, ಮೂರನೆಯ ಅಂಕಣ ಕೇಳಿದ್ದು ಅಷ್ಟು. ನನ್ನ ಜೊತೆ ಎಡಿಟಿಂಗ್ ಮಾಡುವ ಹುಡುಗಿಗೆ ಎರಡು ಸಲ ಒಪ್ಪಿಸಿದೆ. ಮೊದಲ ಸಲ ನನ್ನ ಧ್ವನಿ ಮತ್ತು ನಕ್ಷೆಗಳನ್ನೆಲ್ಲ ತೆಗೆದು ಸಿನಿಮಾದ ತುಣುಕುಗಳನ್ನು ಮಾತ್ರ ಒಂದರ ಹಿಂದೆ ಒಂದು ಓಡಿಸಿದೆ. ‘ಅಕ್ಕಾ, ಇದರಲ್ಲಿ ಕಥೆನೇ ಗೊತ್ತಾಗಲ್ಲ, ಯಾರು ಏನು ಹೇಳಿದ್ರು ಅಂತಾನೂ ಇಲ್ಲ’ ಅಂದಳು. ಅದೇ ಬೇಕಿತ್ತು. ನನ್ನ ವಿಡಿಯೊ ನೋಡಿದರೆ ಸಾಕು, ಸಿನಿಮಾ ನೋಡುವುದು ಬೇಡ ಅನ್ನುವಂತಿಲ್ಲ ಅಂತಾಯಿತು. ಎರಡನೆಯ ಸಲ ತುಣುಕುಗಳನ್ನೆಲ್ಲ ತೆಗೆದು ಬರೀ ನನ್ನ ಮಾತು ಕೇಳಿಸಿದೆ. ವಾದ ಅರ್ಥವಾಗುತ್ತದೆ, ಆದರೆ ಎರಡು ಕಡೆ ‘ನೋಡಿದ್ರೇ ನಂಬೋಕಾಗೋದು’ ಅಂದಳು. ಒಂದು ಗೆರೆ ದಾಟುವ ಕಟ್. ಇನ್ನೊಂದು ಸಂಗೀತ ಶುರುವಾಗುವ ಜಾಗ. ಆ ಎರಡು ತುಣುಕುಗಳ ವಿಷಯದಲ್ಲಿ ನಾನು ಯಾರಿಗೂ ಬಗ್ಗಬೇಕಾಗಿಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಅಪ್‌ಲೋಡ್ ಮಾಡುವಾಗ ವಿಡಿಯೊವನ್ನು ಖಾಸಗಿಯಾಗಿಯೇ ಇಟ್ಟೆ. ಯೂಟ್ಯೂಬ್‌ನಲ್ಲಿ ಅಪ್‌ಲೋಡ್‌ನ ನಡುವೆ Checks ಅನ್ನುವ ಹಂತ ಬರುತ್ತದೆ. ಕಂಟೆಂಟ್ ಐಡಿ ಅನ್ನುವ ಯೂಟ್ಯೂಬ್‌ನ ತಾನಾಗಿ ನಡೆಯುವ ವ್ಯವಸ್ಥೆ ಆಗಲೇ ಹುಡುಕಾಟ ನಡೆಸುತ್ತದೆ. ಜನ ನೋಡುವ ಮೊದಲೇ ಕ್ಲೇಮ್ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಕಂಟೆಂಟ್ ಐಡಿಗೆ ಫೇರ್ ಯೂಸ್ ತಿಳಿಯುವುದಿಲ್ಲ. ಹಕ್ಕುದಾರರು ಕೊಟ್ಟಿರುವ ಮಾದರಿಯ ಜೊತೆ ನಮ್ಮ ಚಿತ್ರ, ಧ್ವನಿ ಹೊಂದುತ್ತದೆಯಾ ಅಂತ ನೋಡುವುದಷ್ಟೇ ಅದರ ಕೆಲಸ. ಎಷ್ಟೇ ಒಳ್ಳೆಯ ವಿಶ್ಲೇಷಣೆ ಇದ್ದರೂ ಹೊಂದಿದರೆ ಕ್ಲೇಮ್ ಬೀಳುತ್ತದೆ. ಹಾಗೆಯೇ ಕ್ಲೇಮ್ ಬೀಳಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲೂ ಅಲ್ಲ. ಕ್ಲೇಮ್ ತಪ್ಪಿಸುವುದು ಬೇರೆ, ಕ್ಲೇಮ್ ಬಂದಾಗ ನಿಲ್ಲುವ ಹಾಗೆ ವಿಡಿಯೊ ಮಾಡುವುದು ಬೇರೆ. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

ನನಗೆ ಎರಡು ಕ್ಲೇಮ್ ಬಂದವು. ವಿವರ ತೆರೆದರೆ ಯಾವ ಬಗೆಯದು, ವಿಡಿಯೊದಲ್ಲಿ ಎಷ್ಟನೆಯ ನಿಮಿಷದಿಂದ ಎಷ್ಟರವರೆಗೆ ಅನ್ನುವುದು ಸಿಗುತ್ತದೆ. ಒಂದು ಚಿತ್ರದ ಹಕ್ಕುದಾರರದ್ದು. ಇನ್ನೊಂದು ಬರೀ ಧ್ವನಿಯ ಮೇಲೆ. ಸಿನಿಮಾದ ಹಿನ್ನೆಲೆ ಸಂಗೀತ ಎಷ್ಟೋ ಸಲ ಪ್ರತ್ಯೇಕ ಆಲ್ಬಂ ಆಗಿ ಹೊರಬಂದಿರುತ್ತದೆ, ಅದರ ಹಕ್ಕು ಬೇರೆಯವರ ಹತ್ತಿರ ಇರುತ್ತದೆ. ಸಿನಿಮಾದವರು ಸುಮ್ಮನಿದ್ದರೂ ಸಂಗೀತದವರು ಬರಬಹುದು. ರಿಯಾಕ್ಷನ್ ಮಾಡುವವರಿಗೆ ಬೀಳುವ ಕ್ಲೇಮ್‌ಗಳಲ್ಲಿ ಈ ಬಗೆಯದು ಜಾಸ್ತಿ ಕಾಡುತ್ತದೆ ಅಂತ ನನ್ನ ಅನುಭವ. ಎರಡೂ ಬರೀ ಕ್ಲೇಮ್‌ಗಳು, ಸ್ಟ್ರೈಕ್ ಅಲ್ಲ. ಕ್ಲೇಮ್ ಆ ಒಂದು ವಿಡಿಯೊಗೆ ಸಂಬಂಧಿಸಿದ್ದು: ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಅಥವಾ ವಿಡಿಯೊ ತಡೆಯುತ್ತಾರೆ, ಅಥವಾ ಲೆಕ್ಕ ಮಾತ್ರ ಇಡುತ್ತಾರೆ. ಸ್ಟ್ರೈಕ್ ಇಡೀ ಚಾನೆಲ್‌ನ ಮೇಲೆ ಬೀಳುವಂಥದ್ದು. ತೊಂಬತ್ತು ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಸಂಗೀತದ ಕ್ಲೇಮ್ ಎರಡು ಜಾಗವನ್ನು ತೋರಿಸುತ್ತಿತ್ತು. ಹಾಳೆ ತೆಗೆದು ಎರಡನ್ನೂ ನೋಡಿದೆ. ಮೊದಲನೆಯದು ಗೆರೆ ದಾಟುವ ಕಟ್‌ನ ಬಗ್ಗೆ ಮಾತಾಡುವ ಭಾಗ. ಅಲ್ಲಿ ನನ್ನ ಧ್ವನಿಯ ಕೆಳಗೆ ಸಿನಿಮಾದ ಸಂಗೀತ ಸಣ್ಣಗೆ ಕೇಳುತ್ತಿತ್ತು. ಮೇಲೆ ಮಾತು ಇದ್ದರೂ, ಧ್ವನಿ ತಗ್ಗಿಸಿದ್ದರೂ ಕಂಟೆಂಟ್ ಐಡಿ ಹಿಡಿಯಬಲ್ಲದು. ನನ್ನ ವಾದಕ್ಕೆ ಅಲ್ಲಿ ಸಂಗೀತ ಬೇಕೇ ಇರಲಿಲ್ಲ. ಮೂಲ ಫೈಲ್‌ನಲ್ಲೇ ಆ ತುಣುಕಿನ ಧ್ವನಿ ಪೂರ್ತಿ ತೆಗೆದು, ಸಾಕ್ಷಿಯ ಮಾತನ್ನು ಅಕ್ಷರದಲ್ಲಿ ಕೊಟ್ಟು, ಮತ್ತೆ ಅಪ್‌ಲೋಡ್ ಮಾಡಿದೆ. ಯೂಟ್ಯೂಬ್ ಸ್ಟುಡಿಯೊದಲ್ಲೇ Mute song, Trim out segment ಅನ್ನುವ ಸೌಕರ್ಯಗಳಿವೆ. ಪ್ರಕಟವಾದ ವಿಡಿಯೊಗೆ ಅವು ಉಪಯೋಗ. ಆದರೆ ಹಾಡಿನ ಜೊತೆ ನಮ್ಮ ಮಾತು ಬೆರೆತಿದ್ದರೆ ಮಾತೂ ಕೆಡಬಹುದು. ಇನ್ನೂ ಪ್ರಕಟ ಆಗಿಲ್ಲ ಅಂದರೆ ಟೈಮ್‌ಲೈನ್‌ಗೇ ಹೋಗಿ ಸರಿ ಮಾಡುವುದು ವಾಸಿ.

ಎರಡನೆಯ ಜಾಗ ಆ ಹದಿನಾಲ್ಕು ಸೆಕೆಂಡು. ಅಲ್ಲಿ ನಾನು ಹೇಳುತ್ತಿದ್ದದ್ದು ಸಂಗೀತದ ಬಗ್ಗೆಯೇ. ಸಾಕ್ಷಿ ಬಾಯಿ ತೆರೆಯುವ ಮೊದಲೇ ತಗ್ಗು ದನಿಯ ಒಂದು ಸ್ವರ ಶುರುವಾಗುತ್ತದೆ. ಸುಳ್ಳು ಬರುತ್ತಿದೆ ಅಂತ ಸಂಗೀತ ಕಿವಿಗೆ ಮುಂಚೆಯೇ ತಿಳಿಸುತ್ತದೆ, ಆಮೇಲೆ ಕ್ಯಾಮೆರಾ ಗೆರೆ ದಾಟುತ್ತದೆ. ಈ ಕ್ರಮ ಕೇಳಿಸದೆ ಯಾರೂ ನಂಬುವುದಿಲ್ಲ. ಅದನ್ನು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಅದು ಉಳಿಯಿತು, ಅದರ ಮೇಲಿನ ಕ್ಲೇಮೂ ಉಳಿಯಿತು. ಚಿತ್ರದ ಕ್ಲೇಮ್ ಕೂಡ ಇತ್ತು. ವಿಡಿಯೊ ಪ್ರಕಟಿಸಿ ಎರಡಕ್ಕೂ ತಕರಾರು ಹಾಕಿದೆ.

ತಕರಾರಿನಲ್ಲಿ ಏನು ಬರೆಯುತ್ತೇವೆ ಅನ್ನುವುದು ಮುಖ್ಯ. ‘ಇದು ಫೇರ್ ಯೂಸ್, ನಾನು ಹಣಕ್ಕಾಗಿ ಮಾಡಿಲ್ಲ’ ಅಂತ ಬರೆದರೆ ಓದುವವರಿಗೆ ತೀರ್ಮಾನ ಮಾಡಲು ಏನೂ ಸಿಗುವುದಿಲ್ಲ. ನಾನು ಹಾಳೆಯ ಮೂರನೆಯ ಅಂಕಣವನ್ನೇ ಬಿಡಿಸಿ ಬರೆದೆ. ಇಂಥ ನಿಮಿಷದಲ್ಲಿ ಹದಿನಾಲ್ಕು ಸೆಕೆಂಡು ಬಳಸಿದ್ದೇನೆ. ಸಂಗೀತ ಮಾತಿಗಿಂತ ಮುಂಚೆ ಶುರುವಾಗುವುದನ್ನು ತೋರಿಸುವುದು ಉದ್ದೇಶ. ತುಣುಕಿನ ಮುಂಚೆ ಮತ್ತು ಆಮೇಲೆ ಅದರ ಬಗ್ಗೆಯೇ ಮಾತಾಡಿದ್ದೇನೆ. ಇಡೀ ಸಂಗೀತದ ಚಿಕ್ಕ ಭಾಗ ಇದು, ಮೇಲೆ ಸಂಭಾಷಣೆಯೂ ಇದೆ, ಆಲ್ಬಂ ಕೇಳುವವರು ಇದನ್ನು ಕೇಳಿ ತೃಪ್ತಿಪಡುವುದಿಲ್ಲ. ಅಮೆರಿಕದ ಕಾಪಿರೈಟ್ ಕಾಯ್ದೆಯ 107ನೆಯ ಸೆಕ್ಷನ್ ನೋಡಲು ಹೇಳುವುದು ನಾಲ್ಕು ಸಂಗತಿ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವಭಾವ, ಎಷ್ಟು ಬಳಸಿದ್ದು, ಮೂಲದ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆಯೇ ಅನ್ನುವುದು. ಹೆಸರು ಎತ್ತದೆಯೇ ಈ ನಾಲ್ಕಕ್ಕೂ ಉತ್ತರ ಸಿಗುವಂತೆ ಬರೆದೆ. ಮೂಲ ಕೃತಿ ಕಲ್ಪನೆಯ ಸೃಷ್ಟಿ, ಆ ಒಂದು ಅಂಶ ನನ್ನ ಪರ ಇಲ್ಲ ಅನ್ನುವುದೂ ಗೊತ್ತಿತ್ತು. ನಾಲ್ಕನ್ನೂ ಒಟ್ಟಿಗೆ ತೂಗುತ್ತಾರೆ, ಒಂದು ಎದುರಿಗಿದ್ದರೆ ಎಲ್ಲ ಮುಗಿಯುವುದಿಲ್ಲ.

ತಕರಾರು ಬೇಗ ಹಾಕಿದ್ದಕ್ಕೆ ಇನ್ನೊಂದು ಕಾರಣವಿತ್ತು. ಕ್ಲೇಮ್ ಬಂದ ಐದು ದಿನದೊಳಗೆ ಹಾಕಿದರೆ ಮೊದಲ ದಿನದಿಂದಲೂ ಬಂದ ಜಾಹೀರಾತಿನ ಹಣವನ್ನು ಯೂಟ್ಯೂಬ್ ತಡೆಹಿಡಿದು ಇಡುತ್ತದೆ, ಆಮೇಲೆ ಗೆದ್ದವರಿಗೆ ಕೊಡುತ್ತದೆ. ತಡ ಮಾಡಿದರೆ ತಕರಾರು ಹಾಕಿದ ದಿನದಿಂದ ಮಾತ್ರ. ಆ ಬಗೆಯ ವಿಡಿಯೊಗೆ ನೋಟ ಬರುವುದೇ ಮೊದಲ ಕೆಲವು ದಿನಗಳಲ್ಲಿ.

ಕ್ಲೇಮ್ ಮಾಡಿದವರಿಗೆ ಉತ್ತರಿಸಲು ಮೂವತ್ತು ದಿನ ಇರುತ್ತದೆ. ಅವರು ಬಿಡಬಹುದು, ಬಿಡುವುದಿಲ್ಲ ಅನ್ನಬಹುದು, ನೇರವಾಗಿ ವಿಡಿಯೊ ತೆಗೆಸಲು ಕೇಳಬಹುದು, ಸುಮ್ಮನೂ ಇರಬಹುದು. ಸುಮ್ಮನಿದ್ದರೆ ಅವಧಿ ಮುಗಿದ ಮೇಲೆ ಕ್ಲೇಮ್ ತಾನಾಗಿಯೇ ರದ್ದಾಗುತ್ತದೆ. ಚಿತ್ರದ ಹಕ್ಕುದಾರರು ಅವಧಿಯೊಳಗೇ ಬಿಟ್ಟರು. ಸಂಗೀತದವರು ಬಿಡಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಮುಂದಿನದು ಮೇಲ್ಮನವಿ. ಇಲ್ಲಿ ಯೋಚನೆ ಮಾಡಿ ಕಾಲಿಡಬೇಕು. ಮೇಲ್ಮನವಿಗೂ ಅವರು ಒಪ್ಪದಿದ್ದರೆ ಅವರಿಗೆ ಉಳಿಯುವ ದಾರಿ ವಿಡಿಯೊ ತೆಗೆಸುವ ಕಾನೂನಿನ ಕೋರಿಕೆ. ಅದು ಊರ್ಜಿತವಾದರೆ ಚಾನೆಲ್‌ಗೆ ಸ್ಟ್ರೈಕ್. ಆಗ ನಾವು ಪ್ರತಿ ನೋಟಿಸ್ ಕೊಡಬಹುದು. ಅದರಲ್ಲಿ ನಿಜವಾದ ಹೆಸರು, ವಿಳಾಸ ಇರುತ್ತದೆ, ಅದು ಎದುರಿನವರಿಗೂ ಹೋಗುತ್ತದೆ. ಅವರು ಅಮೆರಿಕದ ಲೆಕ್ಕದಲ್ಲಿ ಹತ್ತು ಕೆಲಸದ ದಿನದೊಳಗೆ ಕೋರ್ಟಿಗೆ ಹೋದ ಪುರಾವೆ ಕೊಡದಿದ್ದರೆ ವಿಡಿಯೊ ಮತ್ತೆ ಬರುತ್ತದೆ. ಕೋರ್ಟಿಗೆ ಹೋದರೆ ನಾವೂ ಹೋಗಬೇಕು. ಇಷ್ಟು ದೂರ ನಡೆಯುವ ಧೈರ್ಯ ಯಾವ ತುಣುಕಿನ ಮೇಲೆ ಇದೆ ಅನ್ನುವುದನ್ನು ತಕರಾರು ಹಾಕುವ ಮೊದಲೇ ಕೇಳಿಕೊಳ್ಳಬೇಕು. ಬೇರೆ ದೇಶದ ಕಾನೂನು ಬೇರೆ ಇರುತ್ತದೆ ಅನ್ನುವುದನ್ನೂ ನೆನಪಿಡಬೇಕು. ಕೆಲವು ಕಡೆ ಫೇರ್ ಡೀಲಿಂಗ್ ಅಂತ ಇದ್ದು, ವಿಮರ್ಶೆ, ಸುದ್ದಿ ಹೀಗೆ ಕೆಲವು ಉದ್ದೇಶಗಳನ್ನು ಮಾತ್ರ ಪಟ್ಟಿ ಮಾಡಿರುತ್ತಾರೆ. ನಾನು ಮಾಡುತ್ತಿರುವುದು ವಿಮರ್ಶೆ ಅನ್ನುವುದು ವಿಡಿಯೊದ ಮೊದಲ ನಿಮಿಷದಲ್ಲೇ ಕಾಣುವಂತಿದ್ದರೆ ಎರಡೂ ಕಡೆ ಅನುಕೂಲ.

ನಾನು ಮೇಲ್ಮನವಿ ಹಾಕಿದೆ. ಮೊದಲ ತಕರಾರನ್ನೇ ಮತ್ತೆ ಅಂಟಿಸಲಿಲ್ಲ. ಈ ಸಲ ಇನ್ನೂ ಚಿಕ್ಕದಾಗಿ, ಅವರ ಸಂಗೀತದ ಯಾವ ಸ್ವರ ಎಲ್ಲಿ ಶುರುವಾಗುತ್ತದೆ, ಅದರ ಬಗ್ಗೆ ನಾನು ಹೇಳಿದ ವಾಕ್ಯಗಳು ಯಾವುವು ಅಂತ ಹಾಗೇ ಇಳಿಸಿದೆ. ಕ್ಲೇಮ್ ತೋರಿಸಿದ ಇನ್ನೊಂದು ಜಾಗದ ಸಂಗೀತ ಅನಗತ್ಯವಾಗಿತ್ತು, ಅದನ್ನು ಆಗಲೇ ತೆಗೆದಿದ್ದೇನೆ ಅಂತಲೂ ಬರೆದೆ. ಇರಬೇಕಾದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಇರಲಿಲ್ಲ. ಮೇಲ್ಮನವಿಗೆ ಉತ್ತರಿಸಲು ಅವರಿಗೆ ಏಳು ದಿನ. ಉತ್ತರ ಬರಲಿಲ್ಲ. ಕ್ಲೇಮ್ ಹೋಯಿತು, ತಡೆಹಿಡಿದ ಹಣ ಬಂತು.

ಎಲ್ಲ ವಿಡಿಯೊಗೂ ಈ ದಾರಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಹಾಡುಗಳ ವಿಷಯದಲ್ಲಿ ಬಹಳ ಕಷ್ಟ. ಹಾಡು ಚಿಕ್ಕದು, ಅದರ ಪಲ್ಲವಿಯೇ ಅದರ ಜೀವ. ವಾದಕ್ಕೆ ಬೇಕಾದ ಭಾಗವೂ ಜನ ಕೇಳಲು ಬರುವ ಭಾಗವೂ ಒಂದೇ ಆಗಿಬಿಡುತ್ತದೆ. ತುಣುಕುಗಳನ್ನು ಮಾತ್ರ ಓಡಿಸುವ ಆ ಪರೀಕ್ಷೆಯಲ್ಲಿ ಹಾಡಿನ ವಿಡಿಯೊ ಪಾಸಾಗುವುದು ಅಪರೂಪ. ಮೂಲ ಧ್ವನಿ ಬಿಟ್ಟು ನಾನೇ ಕೀಬೋರ್ಡಿನಲ್ಲಿ ನುಡಿಸಿದರೂ ರಾಗ ಹೊಂದಿದರೆ ಕ್ಲೇಮ್ ಬರಬಹುದು, ಯಾಕೆಂದರೆ ಧ್ವನಿಮುದ್ರಣದ ಹಕ್ಕು ಬೇರೆ, ರಾಗದ ಹಕ್ಕು ಬೇರೆ. ಹಾಗಾಗಿ ಹಾಡಿನ ಬಗ್ಗೆ ಮಾಡುವಾಗ ನಾನು ಎರಡು ಮೂರು ಸೆಕೆಂಡಿನ ತುಣುಕಿಗೆ ನಿಲ್ಲುತ್ತೇನೆ, ತಾಳದ ಲೆಕ್ಕವನ್ನು ಚಿತ್ರದಲ್ಲಿ ತೋರಿಸುತ್ತೇನೆ. ಪೂರ್ತಿ ಕೇಳಬೇಕಾದವರಿಗೆ ಮೂಲ ವಿಡಿಯೊದ ಲಿಂಕ್ ಕೊಟ್ಟು, ಎಷ್ಟನೆಯ ನಿಮಿಷಕ್ಕೆ ಹೋಗಬೇಕು ಅಂತ ಬರೆಯುತ್ತೇನೆ.